ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ: ಮೂರು ಕಡೆಯ ಮಾತಿನ ಪಟ್ಟಿ

ರಾಜ್ಯೋತ್ಸವಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಪಕ್ಕ ಹಾಕಲು ಮಾಡಿದ ಪಟ್ಟಿ ಇದು. ಕರಾವಳಿ ಅಂದರೆ ಇಲ್ಲಿ ಕುಂದಾಪುರದ ಕಡೆ, ಉತ್ತರ ಅಂದರೆ ಧಾರವಾಡದ ಕಡೆ, ದಕ್ಷಿಣ ಅಂದರೆ ಮಂಡ್ಯ, ಮೈಸೂರು. ಇದೇ ಕಟ್ಟಡದಲ್ಲಿ ಮೂರೂ ಕಡೆಯವರು ಇದ್ದಾರಲ್ಲ, ಅವರನ್ನೇ ಕೇಳಿ ಬರೆದದ್ದು.

'ಸರಿಯಾದ ಪದ' ಅಂತ ಒಂದು ಕಾಲಮ್ ಮೊದಲು ಹಾಕಿದ್ದೆವು. ಆಮೇಲೆ ತೆಗೆದೆವು. ಅದರಲ್ಲಿ ಹೆಚ್ಚೂಕಡಿಮೆ ಎಲ್ಲ ಸಾಲಿನಲ್ಲೂ ದಕ್ಷಿಣದ ಪದವೇ ಬಂದು ಕೂರುತ್ತಿತ್ತು!

| ಕರಾವಳಿ | ಉತ್ತರ | ದಕ್ಷಿಣ |
|---|---|---|
| ನೀರುಳ್ಳಿ | ಉಳ್ಳಾಗಡ್ಡಿ | ಈರುಳ್ಳಿ |
| ಬಟಾಟೆ | ಬಟಾಟಿ, ಆಲೂಗಡ್ಡಿ | ಆಲೂಗೆಡ್ಡೆ |
| ನೆಲಗಡಲೆ | ಶೇಂಗಾ | ಕಡ್ಲೆಕಾಯಿ |
| ಪೇರಳೆ | ಪೇರಲ | ಸೀಬೆ, ಚೇಪೆ |
| ಕೊಡಪಾನ | ಕೊಡ | ಬಿಂದಿಗೆ |
| ಹಿಡಿಸೂಡಿ | ಕಸಬರಗಿ | ಪೊರಕೆ |
| ಮೀಯುವುದು | ಜಳಕ | ಸ್ನಾನ, ನೀರು ಹಾಕ್ಕೊಳ್ಳೋದು |
| ದುಡ್ಡು | ರೊಕ್ಕ | ದುಡ್ಡು, ಕಾಸು |
| ಮಾಣಿ | ಹುಡುಗ, ಪೋರ | ಹೈದ |
| ಚೂರು | ಜರಾ | ಒಸಿ |
| ಭಾರಿ | ಭಾಳ | ತುಂಬಾ, ಶಾನೆ |
| ಎಂತ | ಏನ್ರಿ | ಏನು |
| ಹೋತೆ | ಹೊಕ್ಕೇನಿ | ಹೋಯ್ತೀನಿ |
| ಹೋಯ್ಕ್ | ಹೋಗ್ಬೇಕ್ರಿ | ಹೋಗ್ಬೇಕು |

ಹೋಯ್ಕ್: ಕುಂದಾಪುರದವರು 'ಬೇಕು' ಅನ್ನೋದನ್ನು ಬರೀ 'ಕ್' ಮಾಡಿ ಮುಗಿಸುತ್ತಾರೆ. ಬರ್ಕ್, ಮಾಡ್ಕ್. ಹೊಸಬರಿಗೆ ಬಿಕ್ಕಳಿಕೆ ಬಂದಂತೆ ಕೇಳಿಸುತ್ತದೆ.

ಸಜ್ಜಿಗೆ: ಪಟ್ಟಿಯಲ್ಲಿ ಬೇಕೆಂದೇ ಹಾಕಿಲ್ಲ. ಪದ ಒಂದೇ, ತಿಂಡಿ ಬೇರೆ. ಮೈಸೂರಿನ ಕಡೆ ಸಜ್ಜಿಗೆ ಅಂದರೆ ಸಿಹಿ, ಪೂಜೆಯ ಪ್ರಸಾದ. ಅದೇ ಸಿಹಿಗೆ ಧಾರವಾಡದಲ್ಲಿ ಶಿರಾ ಅನ್ನುತ್ತಾರೆ. ಮಂಗಳೂರು, ಉಡುಪಿಯಲ್ಲಿ ಸಜ್ಜಿಗೆ ಅಂದರೆ ಉಪ್ಪಿಟ್ಟು. ಮೂರನೇ ಮಹಡಿಯ ಮಂಡ್ಯದ ಆಂಟಿ ಒಮ್ಮೆ ಎದುರು ಮನೆಯವರು ಕೊಟ್ಟ ಸಜ್ಜಿಗೆಯ ಡಬ್ಬಿ ಆಸೆಯಿಂದ ತೆಗೆದರು. ಒಳಗೆ ಸಾಸಿವೆ, ಹಸಿಮೆಣಸು. 'ಇದೇನು ಖಾರ ಹಾಕ್ಬಿಟ್ಟಿದಾರೆ ಪ್ರಸಾದಕ್ಕೆ' ಅಂದರಂತೆ.

ಚುರುಮುರಿ: ಇದೂ ಅದೇ ಕಥೆ. ಧಾರವಾಡದಲ್ಲಿ ಬರೀ ಹಗುರ ಪುರಿಗೇ ಚುರುಮುರಿ ಅನ್ನುತ್ತಾರೆ. ದಾವಣಗೆರೆಯಲ್ಲಿ ಅದು ಮಂಡಕ್ಕಿ, ಮೈಸೂರಲ್ಲಿ ಕಡ್ಲೆಪುರಿ. ಮಂಗಳೂರಲ್ಲಿ ಚರ್ಮುರಿ ಕೇಳಿದರೆ ನೀರುಳ್ಳಿ, ತೆಂಗಿನೆಣ್ಣೆ ಹಾಕಿ ಕಲಸಿ ಕೊಡುತ್ತಾರೆ.

ಮಂಗಳೂರು ಯಾಕೆ ಕಡಿಮೆ? ಅಲ್ಲಿ ತುಂಬಾ ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡವನ್ನು ಶಾಲೆಯಲ್ಲಿ ಕಲಿಯುವುದೇ ಜಾಸ್ತಿ. ಹಾಗಾಗಿ ಅವರ ಮಾತು ಪುಸ್ತಕಕ್ಕೆ ಹತ್ತಿರ. 'ಮಾರಾಯ್ರೆ' ಒಂದನ್ನು ಬಿಟ್ಟು!

ಕಲಬುರಗಿ, ಬೀದರ್, ಚಾಮರಾಜನಗರದವರೇ, ನಿಮ್ಮ ಪದ ಇಲ್ಲ ಅಂತ ಬೇಜಾರಾಗಬೇಡಿ. ಪಟ್ಟಿಯ ಪಕ್ಕ ಪೆನ್ಸಿಲ್ ಕಟ್ಟಿದ್ದೇವೆ, ಅಂಚಿನಲ್ಲಿ ಬರೆಯಿರಿ. ಪೆನ್ ಬೇಡ.