ವಿಡಿಯೋ ಮನೇಲಿ, ಲೆಕ್ಕ ಕ್ಲಾಸಲ್ಲಿ: ಎಂಜಿನಿಯರಿಂಗ್‌ನಲ್ಲಿ ಫ್ಲಿಪ್ಡ್ ಕ್ಲಾಸ್‌ರೂಮ್‌ಗೆ ಆಧಾರ ಎಷ್ಟು ಗಟ್ಟಿ?

ಕಳೆದ ವರ್ಷ ದಾವಣಗೆರೆಯ ನಮ್ಮ ಮೂರನೇ ಸೆಮಿಸ್ಟರ್‌ಗೆ ಶಿಯರ್ ಫೋರ್ಸ್ ಡಯಾಗ್ರಂ ಬಗ್ಗೆ 14 ನಿಮಿಷದ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದೆ. ಸೋಮವಾರ ಬೆಳಿಗ್ಗೆ ಯಾರ್‍ಯಾರು ನೋಡಿದ್ರಿ ಅಂತ ಕೇಳಿದರೆ 62 ಮಂದಿಯಲ್ಲಿ 19 ಕೈ ಮೇಲೆದ್ದವು. ಜಗಳೂರು ಕಡೆಯಿಂದ ದಿನಾ ಓಡಾಡುವ ಹುಡುಗನೊಬ್ಬ, 'ಬಸ್ಸಲ್ಲಿ ನೋಡ್ದೆ ಸಾರ್, ಲೋಡ್ ಬರೋ ಹೊತ್ತಿಗೆ ನಿದ್ದೆ ಬಂತು' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವತ್ತಿನ ಪಾಠ ಕೆಟ್ಟಿತು. ಆಮೇಲೆ, ಪಾಠವನ್ನು ವಿಡಿಯೋದಲ್ಲಿ ಮನೆಗೆ ಕಳಿಸಿ ಕ್ಲಾಸಲ್ಲಿ ಲೆಕ್ಕ ಮಾಡಿಸುವ ಈ ಫ್ಲಿಪ್ಡ್ ಪದ್ಧತಿಗೆ ನಿಜವಾಗಿ ಏನು ಆಧಾರ ಇದೆ ಅಂತ ಕೂತು ಓದಿದೆ.

ಕಲ್ಪನೆ ಹಳೆಯದು. 2000ದಲ್ಲೇ ಲೇಜ್, ಪ್ಲಾಟ್, ಟ್ರೆಗ್ಲಿಯಾ ಎಂಬ ಅಮೆರಿಕದ ಅರ್ಥಶಾಸ್ತ್ರ ಮೇಷ್ಟ್ರುಗಳು ಉಪನ್ಯಾಸವನ್ನು ತರಗತಿಯಿಂದ ಹೊರಗೆ ಹಾಕಿ ಬರೆದಿದ್ದರು. ಎಂಜಿನಿಯರಿಂಗ್ ಕಡೆ ಇದರ ಅಬ್ಬರ ಹೆಚ್ಚಿದ್ದು 2010ರ ನಂತರ. ಆದರೆ 2013ರಲ್ಲಿ ಬಿಷಪ್ ಮತ್ತು ವರ್ಲೆಗರ್ 24 ಅಧ್ಯಯನ ತೆಗೆದುಕೊಂಡು ನೋಡಿದಾಗ, ಇಡೀ ಸೆಮಿಸ್ಟರ್ ಉದ್ದಕ್ಕೂ ಕಲಿಕೆಯನ್ನು ಸರಿಯಾಗಿ ಹೋಲಿಸಿ ಅಳೆದದ್ದು ಒಂದೇ ಒಂದು. ಉಳಿದವುಗಳಲ್ಲಿ ಬಹುಪಾಲು 'ಇಷ್ಟ ಆಯ್ತಾ' ಅಂತ ಕೇಳಿದ ಸರ್ವೆಗಳು. ಇಷ್ಟ ಆಗೋದಕ್ಕೂ ಕಲಿಯೋದಕ್ಕೂ ಎಷ್ಟು ದೂರ ಅಂತ ಇಂಟರ್ನಲ್ಸ್ ತಿದ್ದಿದವರಿಗೆ ಗೊತ್ತು, ಅಲ್ವಾ?

ಆಮೇಲೆ ಪರಿಸ್ಥಿತಿ ಸುಧಾರಿಸಿತು. ಲೋ ಮತ್ತು ಹ್ಯೂ 2019ರಲ್ಲಿ ಎಂಜಿನಿಯರಿಂಗ್‌ನ 29 ಹೋಲಿಕೆಗಳನ್ನು, ಒಟ್ಟು ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶವನ್ನು, ಒಟ್ಟುಗೂಡಿಸಿದರು. ಫ್ಲಿಪ್ಡ್ ಕಡೆಗೆ, ಅಂಕಗಳು ಎಷ್ಟು ಹರಡಿವೆ ಅಂತ ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್‌ನ 0.289ರಷ್ಟು ಲಾಭ ಕಂಡಿತು. ಇದನ್ನು ನಮ್ಮ ಭಾಷೆಗೆ ಇಳಿಸೋಣ. ನೂರಕ್ಕೆ ನಡೆಸಿದ ಪರೀಕ್ಷೆಯಲ್ಲಿ ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 15 ಇದ್ದರೆ, ಸರಾಸರಿ ನಾಲ್ಕು ಅಂಕ ಏರಿದ ಹಾಗೆ. ಗಡಿಯಲ್ಲಿ ನಿಂತವನಿಗೆ ಇದು ಸಣ್ಣದಲ್ಲ. ಆದರೆ ಪ್ರಚಾರದಲ್ಲಿ ಕೇಳುವಂಥ ಪವಾಡವೂ ಅಲ್ಲ. ಇದೇ ವಿಶ್ಲೇಷಣೆಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಅಂಶ: ತರಗತಿಯ ಶುರುವಿನಲ್ಲಿ ವಿಡಿಯೋದ ವಿಷಯವನ್ನು ಚುಟುಕಾಗಿ ಮತ್ತೆ ಹೇಳಿದ ಕಡೆ ಲಾಭ ಜಾಸ್ತಿ ಇತ್ತು.

ಈ ನಾಲ್ಕು ಅಂಕ ಬಂದದ್ದು ವಿಡಿಯೋದಿಂದಲೋ, ಕ್ಲಾಸಲ್ಲಿ ಲೆಕ್ಕ ಮಾಡಿಸಿದ್ದರಿಂದಲೋ? ನನ್ನ ತಕರಾರು ಇರೋದೇ ಇಲ್ಲಿ. 2014ರಲ್ಲಿ ಫ್ರೀಮನ್ ತಂಡ ವಿಜ್ಞಾನ, ಗಣಿತ, ಎಂಜಿನಿಯರಿಂಗ್‌ನ 225 ಅಧ್ಯಯನ ಸೇರಿಸಿ ನೋಡಿತ್ತು. ಸುಮ್ನೆ ಉಪನ್ಯಾಸ ಕೊಟ್ಟ ಕಡೆ 33.8% ಫೇಲ್, ವಿದ್ಯಾರ್ಥಿಗಳ ಕೈಯಲ್ಲಿ ಕೆಲಸ ಮಾಡಿಸಿದ ಕಡೆ 21.8%. ಅಲ್ಲಿ ಕ್ಲಾಸನ್ನು ಫ್ಲಿಪ್ ಮಾಡಲೇಬೇಕು ಅಂತ ಇರಲಿಲ್ಲ. 2015ರಲ್ಲಿ ಜೆನ್ಸನ್ ಮತ್ತು ಜೊತೆಗಾರರು ನೇರವಾಗಿಯೇ ಪರೀಕ್ಷೆ ಮಾಡಿದರು. ಎರಡೂ ಗುಂಪಿಗೆ ಚಟುವಟಿಕೆಯ ಪಾಠ, ಒಂದಕ್ಕೆ ಮಾತ್ರ ಫ್ಲಿಪ್. ಫಲಿತಾಂಶದಲ್ಲಿ ವ್ಯತ್ಯಾಸವೇ ಇಲ್ಲ. ಅದು ಬಯಾಲಜಿ ತರಗತಿ, ಒಪ್ಪಿದೆ. ಆದರೂ ನಮ್ಮ ಬಹುತೇಕ ಪೇಪರ್‌ಗಳು ಫ್ಲಿಪ್ಡ್ ಕ್ಲಾಸನ್ನು ಹೋಲಿಸೋದು ಬರೀ ಚಾಕ್-ಬೋರ್ಡ್ ಉಪನ್ಯಾಸದ ಜೊತೆಗೆ. ಒಲೆ, ಪಾತ್ರೆ, ಅಕ್ಕಿ ಎಲ್ಲಾ ಬದಲಿಸಿ ಅನ್ನದ ರುಚಿಯನ್ನು ಒಲೆಗೆ ಕಟ್ಟಿದ ಹಾಗಾಯ್ತು. ಮೇಲಾಗಿ ಹೋದ ವರ್ಷದ ಬ್ಯಾಚ್ ಒಂದು ಕಡೆ, ಈ ವರ್ಷದ್ದು ಇನ್ನೊಂದು ಕಡೆ, ಎರಡಕ್ಕೂ ಅದೇ ಉತ್ಸಾಹಿ ಮೇಷ್ಟ್ರು. ವಿಡಿಯೋ ನೋಡಿದ ಹೆಚ್ಚುವರಿ ಸಮಯವನ್ನು ಎಷ್ಟೋ ಕಡೆ ಲೆಕ್ಕಕ್ಕೇ ಹಿಡಿದಿಲ್ಲ.

ನಿಜವಾಗಿ ಚೀಟಿ ಎತ್ತಿದ ಹಾಗೆ ಎರಡು ಗುಂಪಿಗೆ ಹಂಚಿ ಮಾಡಿದ ಪ್ರಯೋಗವೊಂದು ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯದ್ದು. ಸೆಟ್ರೆನ್ ತಂಡ ಅದನ್ನು 2021ರಲ್ಲಿ ಪ್ರಕಟಿಸಿತು. ಗಣಿತದಲ್ಲಿ ತಕ್ಷಣಕ್ಕೆ ಲಾಭ, ಅರ್ಥಶಾಸ್ತ್ರದಲ್ಲಿ ಏನೂ ಇಲ್ಲ. ಗಣಿತದ ಲಾಭವೂ ಮುಂದಕ್ಕೆ ಉಳಿಯಲಿಲ್ಲ. ಉಳಿದದ್ದು ಅಂತರ ಮಾತ್ರ: ಮೊದಲೇ ಮುಂದಿದ್ದವರು ಇನ್ನಷ್ಟು ಮುಂದೆ ಹೋದರು. ಶಿಸ್ತಿಗೇ ಹೆಸರಾದ ಕ್ಯಾಡೆಟ್‌ಗಳಲ್ಲೇ ಹೀಗಾದರೆ ಜಗಳೂರು ಬಸ್ಸಿನ ಹುಡುಗನ ಗತಿ ಏನು?

ಹಾಗಂತ ಕೈಬಿಡಬೇಕಿಲ್ಲ. ಮೇಸನ್ ಮತ್ತು ಸಂಗಡಿಗರು 2013ರಲ್ಲಿ ಸಣ್ಣದೊಂದು ಕಂಟ್ರೋಲ್ ಸಿಸ್ಟಮ್ಸ್ ತರಗತಿಯಲ್ಲಿ ಹೀಗೆ ಮಾಡಿ ಹೆಚ್ಚು ಪಾಠ ಮುಗಿಸಿದರು, ಅಂಕವೂ ಕುಸಿಯಲಿಲ್ಲ. ವಿಟಿಯು ಸಿಲಬಸ್ ಹಿಂದೆ ಓಡುವ ನಮಗೆ ಇದು ಆಸೆ ಹುಟ್ಟಿಸುವ ಮಾತು.

ನಾನೀಗ ವಿಡಿಯೋವನ್ನು ಆರು ನಿಮಿಷಕ್ಕೆ ಇಳಿಸಿದ್ದೀನಿ. ಕ್ಲಾಸಿನ ಮೊದಲ ಹತ್ತು ನಿಮಿಷ ಬೋರ್ಡ್ ಮೇಲೆ ವಿಡಿಯೋದಲ್ಲಿದ್ದ ಅದೇ ಬೀಮ್, ಆಮೇಲೆ ಮೂರು ಮೂರು ಮಂದಿ ಕೂತು ಡಯಾಗ್ರಂ ಬರೆಯೋದು. ಮುಂದಿನ ಸೆಮಿಸ್ಟರ್‌ನಲ್ಲಿ ಎರಡು ಸೆಕ್ಷನ್‌ಗೂ ಇದೇ ಗುಂಪು ಕೆಲಸ, ಆದರೆ ವಿಡಿಯೋ ಒಂದಕ್ಕೆ ಮಾತ್ರ. ಇನ್ನೊಂದರಲ್ಲಿ ಆ ಆರು ನಿಮಿಷದ ಪಾಠವನ್ನು ಕ್ಲಾಸಲ್ಲೇ ಹೇಳ್ತೀನಿ. ಪ್ರಶ್ನೆಪತ್ರಿಕೆ ಒಂದೇ. ಹೆಸರು, ಸೆಕ್ಷನ್ ಮುಚ್ಚಿದ ಉತ್ತರಪತ್ರಿಕೆಗಳನ್ನು ಪಕ್ಕದ ಕ್ಯಾಬಿನ್ನಿನ ಮೇಡಂ ತಿದ್ದಿಕೊಡಲು ಒಪ್ಪಿದ್ದಾರೆ. ಮಂಡಕ್ಕಿ-ಮೆಣಸಿನಕಾಯಿ ಖರ್ಚು ನನ್ನದು.