ಕಾಗೆ ಯಾವುದು, ಕೋಗಿಲೆ ಯಾವುದು?

ಕಾಕಃ ಕೃಷ್ಣಃ ಪಿಕಃ ಕೃಷ್ಣಃ ಕೋ ಭೇದಃ ಪಿಕಕಾಕಯೋಃ |
ವಸಂತಸಮಯೇ ಪ್ರಾಪ್ತೇ ಕಾಕಃ ಕಾಕಃ ಪಿಕಃ ಪಿಕಃ ||

ಮಕ್ಕಳೇ, ಮೊದಲು ಪದಗಳನ್ನು ಬಿಡಿಸೋಣ.

ಕಾಕಃ – ಕಾಗೆ
ಕೃಷ್ಣಃ – ಕಪ್ಪು (ಬೆಣ್ಣೆ ಕದ್ದ ಕೃಷ್ಣ ಅಲ್ಲ!)
ಪಿಕಃ – ಕೋಗಿಲೆ
ಕೋ ಭೇದಃ – ಏನು ವ್ಯತ್ಯಾಸ?
ಪಿಕಕಾಕಯೋಃ – ಕೋಗಿಲೆಗೂ ಕಾಗೆಗೂ
ವಸಂತಸಮಯೇ ಪ್ರಾಪ್ತೇ – ವಸಂತಕಾಲ ಬಂದಾಗ

ಕಾಗೆಯೂ ಕಪ್ಪು, ಕೋಗಿಲೆಯೂ ಕಪ್ಪು. ಸುಮ್ನೆ ಕೂತಿದ್ದರೆ ದೂರದಿಂದ ಗೊತ್ತಾಗುವುದು ಕಷ್ಟ, ಅಲ್ವಾ? ಯುಗಾದಿ ಹೊತ್ತಿಗೆ ಮಾವಿನ ಮರದಿಂದ ‘ಕುಹೂ’ ಅಂತ ಕೇಳಿಸುತ್ತದೆ. ಪಕ್ಕದಲ್ಲೇ ‘ಕಾ ಕಾ’. ಆಗ ಕಾಗೆ ಕಾಗೆಯೇ, ಕೋಗಿಲೆ ಕೋಗಿಲೆಯೇ!

ಇಷ್ಟಾದರೂ ಪದ್ಯದಲ್ಲಿ ‘ದನಿ’ ಎಂಬ ಪದವೇ ಇಲ್ಲ, ಹುಡುಕಿ ನೋಡಿ. ಅದನ್ನು ನಮ್ಮ ಕಿವಿಗೇ ಬಿಟ್ಟಿದ್ದಾರೆ.

ಅಂದ ಹಾಗೆ, ಕಪ್ಪಗಿರುವುದು ಗಂಡು ಕೋಗಿಲೆ ಮಾತ್ರ. ಹೆಣ್ಣಿನ ಮೈ ಕಂದು, ಮೇಲೆ ಬಿಳಿ ಚುಕ್ಕೆ.