ಆಚೆ ದಡ

ಗುಂಪು: ಸಾಗರದ ಮನೆ
2026 ಮೇ 29, ಶುಕ್ರವಾರ

ರಘು, ಬೆಳಿಗ್ಗೆ 9:10
ಭಾನುವಾರ ಹುಣ್ಣಿಮೆ, ಅಮ್ಮನ ಹುಟ್ಟುಹಬ್ಬ. ಎಂಬತ್ತು ತುಂಬುತ್ತದೆ. ಸಾಗರದಲ್ಲಿ ಸಭಾಭವನಕ್ಕೆ ಮುಂಗಡ ಕೊಟ್ಟಾಗಿದೆ. ಎಲ್ಲರೂ ಹನ್ನೊಂದಕ್ಕೆ ಬನ್ನಿ.

ಸುಧಾ, 9:14
ಅಣ್ಣ, ಆಧಾರ್‌ನಲ್ಲಿ ಜೂನ್ 1 ಇದೆ. ಅದು ಸೋಮವಾರ.

ರಘು, 9:15
ಸೋಮವಾರ ಯಾರಿಗೆ ರಜೆ ಇದೆ?

ಗಣೇಶ, 9:21
ಅಮ್ಮನನ್ನು ಯಾರಾದರೂ ಕೇಳಿದಿರಾ?

ರಘು, 9:22
ಕೇಳಿದರೆ ಬೇಡ ಎನ್ನುತ್ತಾಳೆ. ಅದಕ್ಕೇ ಕೇಳಲಿಲ್ಲ.

ಸುಧಾ, 9:30
ಎಂಟುನೂರು ಜನರ ಸಭಾಭವನದಲ್ಲಿ ನಾವು ಹದಿನಾಲ್ಕು ಜನ ಕುಳಿತು ಏನು ಮಾಡುವುದು?

ವೀಣಾ, 9:33
ಸುಧಾ, ಇವರು ಇನ್ನೂರೈವತ್ತು ಜನರನ್ನು ಕರೆದಿದ್ದಾರೆ. ನನಗೂ ನಿನ್ನೆಯೇ ಗೊತ್ತಾಗಿದ್ದು.

ಸುಧಾ, 9:34
ಈ ಸಂದೇಶವನ್ನು ಅಳಿಸಲಾಗಿದೆ

ಅಮ್ಮ, 11:48
ಭಾನುವಾರ ಯಾರೂ ಬರಬೇಡಿ ನಾನು ಆಚೆ ದಡಕ್ಕೆ ಹೊರಟಿದ್ದೇನೆ ಲಕ್ಷ್ಮಿ ಕರೆಯುತ್ತಿದ್ದಾಳೆ ಇನ್ನು ತಡ ಮಾಡಿದರೆ ಆಗುವುದಿಲ್ಲ ದೇವರ ಮುಂದಿನ ಡಬ್ಬಿಯಲ್ಲಿ ಕೀಲಿಕೈ ಇದೆ ಹಸುವನ್ನು ನೋಡಿಕೊಳ್ಳಿ

ಸುಧಾ, 11:49
ಅಮ್ಮ??

ರಘು, 11:49
ಫೋನ್ ಮಾಡುತ್ತಿದ್ದೇನೆ. ಸ್ವಿಚ್ ಆಫ್ ಎನ್ನುತ್ತಿದೆ.

ಚಿನ್ಮಯ, 11:52
ಅಪ್ಪ, ಲಕ್ಷ್ಮಿ ಯಾರು?

ರಘು, 11:53
ನನಗೆ ಗೊತ್ತಿರುವ ಲಕ್ಷ್ಮಿ ಅಮ್ಮನ ಅಕ್ಕ. ತೀರಿಕೊಂಡು ಆರು ವರ್ಷವಾಯಿತು.

ಸುಧಾ, 11:55
ನನ್ನಿಂದಲೇ ಆಯಿತು. ಅಳಿಸುವುದರೊಳಗೆ ಅಮ್ಮ ಓದಿರಬೇಕು. “ನಮ್ಮ ಅಂತಸ್ತು ತೋರಿಸುವುದಕ್ಕೆ ಅಮ್ಮ ಒಂದು ನೆಪ” ಎಂದು ಬರೆದಿದ್ದೆ. ಅಣ್ಣ, ಅದು ನಿನಗೆ ಹೇಳಿದ್ದು, ಅವಳಿಗಲ್ಲ.

ರಘು, 11:59
ನನಗೆ ಹೇಳಿದ್ದೂ ಸರಿಯೇ. ಹೋದ ವರ್ಷ ಎರಡು ಸಲ ಬಂದಿದ್ದೇನೆ, ಎರಡು ಸಲವೂ ಮಧ್ಯಾಹ್ನ ಊಟ ಮಾಡಿ ಹೊರಟಿದ್ದೇನೆ. ಅದನ್ನು ಸಭಾಭವನದಲ್ಲಿ ತೀರಿಸಲು ಹೊರಟೆ.

ವೀಣಾ, 12:04
ಅದೆಲ್ಲ ಆಮೇಲೆ. ಗಣೇಶ, ನೀವು ಶಿವಮೊಗ್ಗದಲ್ಲಿದ್ದೀರಿ, ಹತ್ತಿರ. ಹೊರಡಿ.

ಗಣೇಶ, 12:05
ಆಗಲೇ ಕಾರಿನಲ್ಲಿದ್ದೇನೆ.

ಸುಧಾ, 1:10
ಏನಾಯಿತು?

ಸುಧಾ, 1:40
ಗಣೇಶ, ಏನಾದರೂ ಹೇಳೋ.

ಗಣೇಶ, 2:02
ಅಮ್ಮ ಅಂಗಳದಲ್ಲಿ ಕುಳಿತು ಹಲಸಿನ ಹಣ್ಣು ಬಿಡಿಸುತ್ತಿದ್ದಾಳೆ. ಬೆಳಗಿನ ಮಳೆಗೆ ಕರೆಂಟ್ ಹೋಗಿದೆ, ಮೊಬೈಲ್ ಸತ್ತಿದೆ. ಕೈಗೆಲ್ಲ ಮೇಣ, ಎಣ್ಣೆ ಹಚ್ಚಿ ಉಜ್ಜುತ್ತಿದ್ದಾಳೆ. ನನ್ನನ್ನು ನೋಡಿ “ಊಟ ಆಯಿತೇ?” ಎಂದಳು.

ರಘು, 2:03
ಮತ್ತೆ ಆಚೆ ದಡ?

ಗಣೇಶ, 2:06
ನನ್ನ ಫೋನನ್ನೇ ಕೊಡುತ್ತೇನೆ, ಅವಳೇ ಬರೆಯಲಿ.

ಗಣೇಶ, 2:31
ನಾನು ಅಮ್ಮ. ಬಾಯಲ್ಲಿ ಹೇಳಿದರೆ ಅದು ಚುಕ್ಕೆ ಹಾಕುವುದಿಲ್ಲ, ಬೆರಳಲ್ಲೇ ಬರೆಯುತ್ತಿದ್ದೇನೆ. ಆಚೆ ದಡ ಎಂದರೆ ತುಮರಿ. ಶರಾವತಿಯ ಹಿನ್ನೀರಿನ ಆಚೆ ದಡ. ನೀವು ಏನೆಂದುಕೊಂಡಿರಿ?

ಗಣೇಶ, 2:44
ನಮ್ಮೂರ ಶಾಲೆಗೆ ಒಬ್ಬರೇ ಮೇಷ್ಟ್ರು. ಯಾರ ಅಪ್ಪನಿಗೂ ಮಗುವಿನ ತಾರೀಖು ಗೊತ್ತಿರಲಿಲ್ಲ. ಹನ್ನೊಂದು ಮಕ್ಕಳಿಗೂ ಜೂನ್ 1 ಎಂದು ಬರೆದು ರಿಜಿಸ್ಟರ್ ಮುಚ್ಚಿದರು. ಲಿಂಗನಮಕ್ಕಿಯ ನೀರು ಬಂದಾಗ ಶಾಲೆಯೂ ಮುಳುಗಿತು. ನನಗೆ ಆಗ ಹದಿನೆಂಟು. ಒಬ್ಬೊಬ್ಬರು ಒಂದೊಂದು ಕಡೆ ಹೋದೆವು. ಈಗ ಉಳಿದವರು ಮೂರು ಜನ. ಈ ಲಕ್ಷ್ಮಿ ಅವರಲ್ಲೊಬ್ಬಳು, ನನ್ನ ಅಕ್ಕ ಅಲ್ಲ. ಅವಳಿಗೆ ಮಂಡಿನೋವು, ಬರಲಾರಳು. ಲಾಂಚಿಗೆ ಕಾಯುವ ಶಕ್ತಿ ನನಗೂ ಇರಲಿಲ್ಲ. ಹೋದ ಜುಲೈಯಲ್ಲಿ ಸೇತುವೆ ಆಯಿತಲ್ಲ. ಭಾನುವಾರ ಹೋಗಿ ರಾತ್ರಿ ಉಳಿದು ಸೋಮವಾರ ಮೂವರೂ ಕಡುಬು ತಿನ್ನುತ್ತೇವೆ.

ಸುಧಾ, 2:47
ಹಾಗಾದರೆ ನನ್ನ ಸಂದೇಶ ಓದಲಿಲ್ಲವೇ?

ಗಣೇಶ, 2:50
ಯಾವುದು? ಅಳಿಸಲಾಗಿದೆ ಎಂದಷ್ಟೇ ಇತ್ತು. ಈಗ ಮೇಲೆ ಹೋಗಿ ಎಲ್ಲ ಓದಿದೆ. ಚೆನ್ನಾಗಿ ಬರೆದಿದ್ದೀಯ.

ಗಣೇಶ, 2:53
ರಘು, ಪಂಚಾಂಗ ನೋಡದೆ ಹುಣ್ಣಿಮೆ ಎನ್ನಬೇಡ. ಭಾನುವಾರದ್ದು ಅಧಿಕ ಜ್ಯೇಷ್ಠ. ನಾನು ಹುಟ್ಟಿದ್ದು ಕಾರಹುಣ್ಣಿಮೆಗೆ, ಅದು ನಿಜ ಜ್ಯೇಷ್ಠದಲ್ಲಿ, ಜೂನ್ ಕೊನೆಗೆ. ಆ ಇನ್ನೂರೈವತ್ತು ಜನರಿಗೆ ನೀನೇ ಫೋನ್ ಮಾಡು.

ರಘು, 2:55
ಮುಂಗಡ ಹತ್ತು ಸಾವಿರ ಅಮ್ಮ.

ಗಣೇಶ, 2:56
ಅಷ್ಟರಲ್ಲಿ ನನಗೆ ಕೊಟ್ಟಿಗೆಯ ಹೆಂಚು ಬದಲಾಯಿಸಬಹುದಿತ್ತು.

ಮೇ 31, ಭಾನುವಾರ

ಗಣೇಶ, ಸಂಜೆ 5:20
[ಚಿತ್ರ: ಒಂದು ಜಗುಲಿ, ಮೂವರು ಅಜ್ಜಿಯರು, ನಡುವೆ ಬಾಳೆಲೆಯ ಮೇಲೆ ಹಲಸಿನ ತೊಳೆಗಳು. ಮೂಲೆಯಲ್ಲಿ ಯಾರದೋ ಹೆಬ್ಬೆರಳು.]

ಚಿನ್ಮಯ, 5:24
ಚಿಕ್ಕಪ್ಪ, ಆ ಹೆಬ್ಬೆರಳು ನಿಮ್ಮದೇ?

ಗಣೇಶ, 5:25
ನನ್ನ ಎರಡೂ ಕೈಗೆ ಹಲಸಿನ ಮೇಣ. ಚಿತ್ರ ತೆಗೆದವನು ನಾನಲ್ಲ.

ವೀಣಾ, 5:31
ಇವರು ನಿನ್ನೆ ರಾತ್ರಿಯ ರೈಲಿಗೆ ಹೊರಟರು. ಎರಡು ಜೊತೆ ಬಟ್ಟೆ ಹಿಡಿದುಕೊಂಡು ಹೋಗಿದ್ದಾರೆ.